ನೂರೆಂಬತ್ತು ಪುಟ, ಒಂದು ಹಾಳೆ

ಕನ್ಸಲ್ಟೆಂಟರ ವರದಿ ಕಚೇರಿಗೆ ಬರುವಾಗ ಸಾಮಾನ್ಯವಾಗಿ ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹೊದ್ದುಕೊಂಡು, ಐದಾರು ಪ್ರತಿಗಳಲ್ಲಿ ಬರುತ್ತದೆ. ನೂರೆಂಬತ್ತು ಪುಟದ ವರದಿಯಾದರೆ ಮೊದಲ ಮೂವತ್ತು ನಲವತ್ತು ಪುಟಗಳಲ್ಲಿ ಊರಿನ ಹಿನ್ನೆಲೆ, ಜನಗಣತಿಯ ಪಟ್ಟಿ, ಮಳೆಯ ಲೆಕ್ಕ, ಭೂಗುಣ ಇರುತ್ತವೆ. ವರದಿ ಬರೆಸಿದವರಿಗೆ ಇವೆಲ್ಲ ಮೊದಲೇ ಗೊತ್ತಿದ್ದವು. ಆಮೇಲೆ ಅಧ್ಯಯನ ನಡೆಸಿದ ಬಗೆ, ಕಂಡುಕೊಂಡದ್ದು, ಎರಡು ಮೂರು ಪರ್ಯಾಯ, ಒಂದು ಶಿಫಾರಸು. ಹಿಂದೆ ಅನುಬಂಧಗಳ ಕಂತೆ. ಮ್ಯಾನೇಜರು ಹಾಳೆ ತಿರುವಿ, ಎರಡು ಬಣ್ಣದ ನಕ್ಷೆ ನೋಡಿ, ಕೆಳಗಿನವರನ್ನು ಕರೆಯುತ್ತಾರೆ: “ಸೋಮವಾರ ಮೀಟಿಂಗ್ ಇದೆ. ಇದರದ್ದೊಂದು ನೋಟ್ ಹಾಕಿಕೊಡಿ. ಒಂದೇ ಪುಟ ಇರಲಿ.”

ಆ ಒಂದು ಪುಟ ಹೇಗೆ ಬರೆಯಲ್ಪಡುತ್ತದೆ, ಹೇಗೆ ಬರೆಯಬೇಕು, ಅದರಲ್ಲಿ ಏನು ಬಿಟ್ಟುಹೋಗುತ್ತದೆ ಎಂಬುದು ಆಡಳಿತದಲ್ಲಿ ಹಳೆಯ ಪ್ರಶ್ನೆ. ಅನೇಕರ ಎಣಿಕೆಯಲ್ಲಿ ಇದು ಕುಗ್ಗಿಸುವ ಕೆಲಸ. ಹತ್ತು ಅಧ್ಯಾಯವಿದ್ದರೆ ಹತ್ತು ವಾಕ್ಯ ಬರೆದರಾಯಿತು ಎನ್ನುವ ಲೆಕ್ಕ. ಹಾಗೆ ಬರೆದ ಟಿಪ್ಪಣಿಯಲ್ಲಿ ವರದಿಯ ಶಿಫಾರಸು ಭದ್ರವಾಗಿ ಉಳಿಯುತ್ತದೆ. ಶಿಫಾರಸು ಯಾವ ಷರತ್ತಿನ ಮೇಲೆ ನಿಂತಿದೆಯೋ ಆ ಷರತ್ತು ಉದುರಿಹೋಗುತ್ತದೆ. ನನ್ನ ಮಟ್ಟಿಗೆ ಈ ಪ್ರಕಾರದ ಇಡೀ ಕಷ್ಟ ಇರುವುದು ಅಲ್ಲಿಯೇ.

ಒಂದು ಪುಟದ ಹಟ ಹೊಸದಲ್ಲ. 1940ರ ಆಗಸ್ಟ್ 9ರಂದು, ಬ್ರಿಟನ್ನಿನ ಮೇಲೆ ಜರ್ಮನಿಯ ವಿಮಾನಗಳು ಎರಗುತ್ತಿದ್ದ ದಿನಗಳಲ್ಲಿ, ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ತಮ್ಮ ಸಹೋದ್ಯೋಗಿಗಳಿಗೆ ಒಂದು ಸುತ್ತೋಲೆ ಕಳಿಸಿದರು. ಕೆಲಸ ಮಾಡಬೇಕೆಂದರೆ ರಾಶಿ ಕಾಗದ ಓದಬೇಕಾಗಿದೆ, ಅದರಲ್ಲಿ ಬಹುಪಾಲು ಅತಿ ಉದ್ದವಾಗಿದೆ ಎಂಬುದು ಅವರ ದೂರು. ಮುಖ್ಯ ವಿಷಯಗಳನ್ನು ಚಿಕ್ಕ ಪ್ಯಾರಾಗಳಲ್ಲಿ ಬರೆಯಿರಿ, ಅಂಕಿಅಂಶ ಮತ್ತು ಜಟಿಲ ವಿಶ್ಲೇಷಣೆಯನ್ನು ಅನುಬಂಧಕ್ಕೆ ಕಳಿಸಿ ಎಂದರು. ಆ ಸುತ್ತೋಲೆಯೇ ಒಂದು ಪುಟದ್ದು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ರೊನಾಲ್ಡ್ ರೇಗನ್ ಗವರ್ನರ್ ಆಗಿದ್ದಾಗ ಅವರ ಬಳಿಯಿದ್ದ ವಿಲಿಯಂ ಕ್ಲಾರ್ಕ್ ಇದಕ್ಕೊಂದು ಅಚ್ಚು ಮಾಡಿಕೊಟ್ಟರು. ಎಂಥ ವಿಷಯವಿದ್ದರೂ ಒಂದು ಹಾಳೆ, ನಾಲ್ಕು ಪ್ಯಾರಾ: ಪ್ರಶ್ನೆ ಏನು, ಸಂಗತಿಗಳೇನು, ವಾದವೇನು, ಶಿಫಾರಸೇನು. ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯಲ್ಲಿ ಒಂದು ಪುಟದ ಮೆಮೊ ಒಂದು ಸಂಪ್ರದಾಯವೇ ಆಗಿಹೋಯಿತು. ಟೊಯೊಟಾದವರು ಎ3 ಅಳತೆಯ ಒಂದೇ ಹಾಳೆಯಲ್ಲಿ ಸಮಸ್ಯೆ, ಕಾರಣ, ಪರಿಹಾರ ಎಲ್ಲವನ್ನೂ ತರುವ ಪದ್ಧತಿ ರೂಢಿಸಿಕೊಂಡರು.

ಎದುರು ಪಕ್ಷವೂ ಇದೆ. 2004ರಲ್ಲಿ ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ ತಮ್ಮ ಹಿರಿಯ ಅಧಿಕಾರಿಗಳ ಸಭೆಗಳಲ್ಲಿ ಸ್ಲೈಡು ತೋರಿಸುವುದನ್ನು ನಿಲ್ಲಿಸಿ, ಪೂರ್ಣ ವಾಕ್ಯಗಳಲ್ಲಿ ಬರೆದ ಮೆಮೊ ತರಬೇಕೆಂದರು. ಅದು ಆರು ಪುಟದವರೆಗೂ ಹೋಗುತ್ತದೆ, ಸಭೆಯ ಆರಂಭದಲ್ಲಿ ಎಲ್ಲರೂ ಕೂತು ಮೌನವಾಗಿ ಓದುತ್ತಾರೆ. ಚುಕ್ಕಿ ಇಟ್ಟು ಬರೆದ ತುಂಡು ಮಾತುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ ಮುಚ್ಚಿಹೋಗುತ್ತದೆ, ವಾಕ್ಯದಲ್ಲಿ ಮುಚ್ಚಿಡುವುದು ಕಷ್ಟ ಎಂಬುದು ಅಲ್ಲಿನ ತರ್ಕ. ಪುಟದ ಲೆಕ್ಕದಲ್ಲಿ ಚರ್ಚಿಲ್‌ಗೂ ಬೆಜೋಸ್‌ಗೂ ವಿರೋಧವಿದ್ದಂತೆ ಕಂಡರೂ, ಯೋಚಿಸದೆ ಬರೆಯಬೇಡಿ ಎನ್ನುವುದರಲ್ಲಿ ಇಬ್ಬರದೂ ಒಂದೇ ಮಾತು.

ಸಾರಾಂಶದಲ್ಲಿ ಷರತ್ತು ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ 2003ರ ಕೊಲಂಬಿಯಾ ನೌಕೆಯ ಪ್ರಸಂಗಕ್ಕಿಂತ ಸ್ಪಷ್ಟವಾದ ದಾಖಲೆ ಇನ್ನೊಂದಿಲ್ಲ. ಜನವರಿ 16ರಂದು ನೌಕೆ ಮೇಲೇರಿದ ಒಂದೂವರೆ ನಿಮಿಷದೊಳಗೆ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಎಡರೆಕ್ಕೆಗೆ ಬಡಿಯಿತು. ಗುತ್ತಿಗೆ ಕಂಪನಿ ಬೋಯಿಂಗ್‌ನ ಎಂಜಿನಿಯರುಗಳು ಹಾನಿ ಎಷ್ಟಾಗಿರಬಹುದೆಂದು ಲೆಕ್ಕ ಹಾಕಿ ಸ್ಲೈಡುಗಳಲ್ಲಿ ನಾಸಾದ ಮುಂದಿಟ್ಟರು. ಒಂದು ಸ್ಲೈಡಿನ ತಲೆಬರಹ ಓದಿದವರಿಗೆ ಪರೀಕ್ಷೆಯ ಅಂಕಿಗಳು ಸುರಕ್ಷತೆಯ ಕಡೆಗೇ ವಾಲುತ್ತಿವೆ ಎಂಬ ಭಾವನೆ ಬರುವಂತಿತ್ತು. ಅದೇ ಸ್ಲೈಡಿನ ತೀರಾ ಕೆಳಗೆ, ಚಿಕ್ಕ ಅಕ್ಷರದಲ್ಲಿ, ಬಡಿದ ತುಂಡಿನ ಗಾತ್ರ 1920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಅಂಗುಲ ಎಂದಿತ್ತು. ಅಂದರೆ ಪರೀಕ್ಷೆ ಮಾಡಿದ್ದಕ್ಕಿಂತ 640 ಪಟ್ಟು ದೊಡ್ಡ ತುಂಡು. ಇಡೀ ಲೆಕ್ಕವೇ ಇಲ್ಲಿಗೆ ಅನ್ವಯಿಸದು ಎಂದು ಹೇಳಬೇಕಾಗಿದ್ದ ಸಾಲು ಅದು, ತಲೆಬರಹವಾಗಬೇಕಾಗಿದ್ದದ್ದು ಅಡಿಟಿಪ್ಪಣಿಯ ಜಾಗದಲ್ಲಿ ಕೂತಿತ್ತು. ಮೇಲಧಿಕಾರಿಗಳ ಸಭೆಗೆ ಇದು ಹೋದಾಗ ಇನ್ನೂ ಚಿಕ್ಕದಾಗಿತ್ತು. ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನು, ಅದರ ಬಗ್ಗೆ ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಮಾಡಿದ ವಿಶ್ಲೇಷಣೆಯ ಸಮೇತ, ಅಚ್ಚು ಹಾಕಿಸಿತು. ಮಾಹಿತಿ ಒಂದೊಂದೇ ಮೆಟ್ಟಿಲು ಮೇಲೇರುತ್ತ ವಿವರಣೆಗಳನ್ನು ಕಳೆದುಕೊಳ್ಳುತ್ತದೆ ಎಂದು ಸೇರಿಸಿತು.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲ ಸಂಗತಿಯೂ ಕಾಗದದ ಮೇಲಿತ್ತು. ಯಾವುದು ಮೇಲೆ ಯಾವುದು ಕೆಳಗೆ ಎಂಬ ಜಾಗದ ತೀರ್ಮಾನ ತಪ್ಪಾಗಿತ್ತು.

ನಮ್ಮ ಕಚೇರಿಗಳಿಗೆ ಹತ್ತಿರದ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಹಾಕಿಕೊಂಡವು. ಆದರೆ ಲೆಕ್ಕ ನಡೆಯುವ ದಾರಿ ನೀರು ಸರಬರಾಜಿನವರೆಲ್ಲ ನೋಡಿರುವಂಥದ್ದೇ. ಮಧ್ಯಮ ಗಾತ್ರದ ಒಂದು ಊರು. ದಿನಕ್ಕೆ 4 ಕೋಟಿ ಲೀಟರ್ ನೀರು ಪಂಪಾಗುತ್ತದೆ, ಬಿಲ್ಲಾಗುವುದು 2.4 ಕೋಟಿ ಲೀಟರ್. ಉಳಿದ 1.6 ಕೋಟಿ, ಅಂದರೆ ಶೇ 40, ಲೆಕ್ಕಕ್ಕೆ ಸಿಗದ ನೀರು. ಅದರಲ್ಲಿ 40 ಲಕ್ಷ ಲೀಟರ್ ಕೆಟ್ಟ ಮೀಟರು ಮತ್ತು ಅಕ್ರಮ ಸಂಪರ್ಕದ ಪಾಲು, 1.2 ಕೋಟಿ ಪೈಪಿನ ಸೋರಿಕೆ ಎಂದು ಕನ್ಸಲ್ಟೆಂಟರು ಅಂದಾಜಿಸಿದ್ದಾರೆ. ಹಳೆಯ ಪೈಪು ಬದಲಿಸಲು 90 ಕೋಟಿ ರೂಪಾಯಿ ಬೇಕು, ಅದರಿಂದ ದಿನಕ್ಕೆ 80 ಲಕ್ಷ ಲೀಟರ್ ಉಳಿಯುತ್ತದೆ, ಹಾಕಿದ ಹಣ ಏಳೂಮುಕ್ಕಾಲು ವರ್ಷದಲ್ಲಿ ವಾಪಸ್ಸು ಎಂಬುದು ಅವರ ಶಿಫಾರಸು.

ವರದಿಯ ಮುಂದೆಯೇ ಎಕ್ಸಿಕ್ಯುಟಿವ್ ಸಮ್ಮರಿ ಎಂಬುದೊಂದಿದೆಯಲ್ಲ, ಅದನ್ನೇ ಟೈಪು ಮಾಡಿಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಆ ಸಾರಾಂಶವನ್ನು ಬರೆದವರು ವರದಿಯನ್ನು ಒಪ್ಪಿಸಬೇಕಾದವರು. ಟಿಪ್ಪಣಿ ಬರೆಯುವವರು ತೀರ್ಮಾನ ಮಾಡಬೇಕಾದವರ ಕಡೆಯವರು. ಕನ್ಸಲ್ಟೆಂಟರು ಮೋಸಗಾರರೆಂದು ಇದರರ್ಥವಲ್ಲ. ಅವರಿಗೆ ವಹಿಸಿದ ಕೆಲಸ ಪೈಪಿನ ಅಧ್ಯಯನವಾಗಿದ್ದರೆ ಅವರು ಪೈಪಿನ ಉತ್ತರವನ್ನೇ ಕೊಡುತ್ತಾರೆ. ಹಾಗಾಗಿ ಟಿಪ್ಪಣಿ ಬರೆಯಲು ಕೂತವರು ಮೊದಲು ತೆಗೆಯಬೇಕಾದದ್ದು ವರದಿಯಲ್ಲ, ಕನ್ಸಲ್ಟೆಂಟರಿಗೆ ಕೆಲಸ ಒಪ್ಪಿಸಿದ ಕರಾರು ಪತ್ರ. ಅದರಲ್ಲಿ ಏನು ಕೇಳಿತ್ತು, ಏನು ಕೇಳಿರಲಿಲ್ಲ ಎಂದು ನೋಡಿಕೊಂಡರೆ ವರದಿಯಲ್ಲಿ ಯಾವ ಪರ್ಯಾಯ ಏಕೆ ಇಲ್ಲವೆಂಬುದು ಓದುವ ಮೊದಲೇ ಅರ್ಧ ತಿಳಿಯುತ್ತದೆ.

ಆಮೇಲೆ ಓದುವ ಕ್ರಮ ಹಿಂದುಮುಂದು. ಮೊದಲು ಶಿಫಾರಸು, ನಂತರ ಅದು ನೆಚ್ಚಿಕೊಂಡ ಎರಡು ಮೂರು ಅಂಕಿ. ಆ ಅಂಕಿಗಳ ಬಾಲ ಹಿಡಿದು ಹಿಂದೆ ಹಿಂದೆ ಹೋಗುತ್ತ ಅನುಬಂಧದ ತನಕ ತಲುಪಬೇಕು. ನಡುವಿನ ಅಧ್ಯಾಯಗಳನ್ನು ಬೇಕಾದಾಗ ಮಾತ್ರ ತೆರೆದರೆ ಸಾಕು. ಮೊದಲ ಪುಟದಿಂದ ಓದಲು ಹೊರಟವರು ಜನಗಣತಿಯ ಪಟ್ಟಿಯಲ್ಲೇ ಸುಸ್ತಾಗಿ, ಅನುಬಂಧ ಬರುವ ಹೊತ್ತಿಗೆ ಬರೇ ಪುಟ ತಿರುವುತ್ತಿರುತ್ತಾರೆ.

ನಮ್ಮ ಊರಿನ ವರದಿಯಲ್ಲಿ ಹಾಗೆ ಹಿಂದೆ ಹೋದಾಗ ಸಿಗುವ ಮೊದಲ ಸಂಗತಿ ಆ 4 ಕೋಟಿ ಲೀಟರಿನದು. ಶುದ್ಧೀಕರಣ ಘಟಕದ ಹೊರಗಿನ ಫ್ಲೋ ಮೀಟರು ಕೆಟ್ಟು ಎಷ್ಟೋ ಕಾಲವಾಗಿದೆ. ಹಾಗಾಗಿ ಪಂಪು ಎಷ್ಟು ಗಂಟೆ ಓಡಿತೆಂಬ ಲಾಗ್‌ಬುಕ್ಕಿನ ಲೆಕ್ಕವನ್ನು ಪಂಪಿನ ಮೇಲೆ ಕೆತ್ತಿದ ಸಾಮರ್ಥ್ಯದಿಂದ ಗುಣಿಸಿ 4 ಕೋಟಿ ಎಂದಿದ್ದಾರೆ. ಇದು ಮುಚ್ಚಿಟ್ಟ ಸಂಗತಿಯೇನಲ್ಲ, ಅನುಬಂಧದಲ್ಲಿ ಒಂದು ವಾಕ್ಯದಲ್ಲಿ ಹೇಳಿದೆ. ಆದರೆ ಸವೆದ ಪಂಪು ಕೆತ್ತಿದಷ್ಟು ಎತ್ತುವುದಿಲ್ಲ. ಶೇ 15 ಕಡಿಮೆ ಎತ್ತುತ್ತಿದೆ ಎಂದುಕೊಳ್ಳಿ. ಆಗ ಊರಿಗೆ ಹೋಗುತ್ತಿರುವುದು 3.4 ಕೋಟಿ ಲೀಟರ್. ಬಿಲ್ಲಾಗುವುದು ಅದೇ 2.4 ಕೋಟಿ. ನಷ್ಟ 1.6ರಿಂದ 1 ಕೋಟಿಗೆ ಇಳಿಯಿತು. ಮೀಟರು ಮತ್ತು ಅಕ್ರಮ ಸಂಪರ್ಕದ 40 ಲಕ್ಷ ಹಾಗೇ ಇದ್ದರೆ ಪೈಪಿನ ಸೋರಿಕೆ 60 ಲಕ್ಷ ಲೀಟರ್ ಮಾತ್ರ. ಸೋರುವುದೇ 60 ಲಕ್ಷವಾದರೆ 80 ಲಕ್ಷ ಉಳಿಸುವುದು ಎಲ್ಲಿಂದ? ಇಂಥ ಲೆಕ್ಕದಲ್ಲಿ ಸೋರಿಕೆಯನ್ನು ನೇರವಾಗಿ ಅಳೆದಿರುವುದಿಲ್ಲ, ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದಕ್ಕೆ ಆ ಹೆಸರು ಕೊಡುತ್ತಾರೆ. ಆದ್ದರಿಂದ ಮೇಲಿನ ಅಂಕಿಯಲ್ಲಿ ಆದ ಸಣ್ಣ ತಪ್ಪು ಕೆಳಗೆ ಬರುವಾಗ ದುಪ್ಪಟ್ಟು ಮುಪ್ಪಟ್ಟಾಗಿ ಕೂರುತ್ತದೆ.

ಎರಡನೆಯದು ಆ ಏಳೂಮುಕ್ಕಾಲು ವರ್ಷ. ದಿನಕ್ಕೆ 80 ಲಕ್ಷ ಲೀಟರ್ ಅಂದರೆ 8,000 ಕಿಲೋಲೀಟರ್, ವರ್ಷಕ್ಕೆ 29.2 ಲಕ್ಷ ಕಿಲೋಲೀಟರ್. ಕಿಲೋಲೀಟರಿಗೆ 40 ರೂಪಾಯಿಯಂತೆ ಬೆಲೆ ಕಟ್ಟಿ ವರ್ಷಕ್ಕೆ 11.68 ಕೋಟಿ ಉಳಿತಾಯ ತೋರಿಸಿದ್ದಾರೆ. ಈ 40 ರೂಪಾಯಿಯೊಳಗೆ ಸಿಬ್ಬಂದಿಯ ಸಂಬಳ, ಹಳೆಯ ಸಾಲದ ಬಡ್ಡಿ ಎಲ್ಲ ಸೇರಿದೆ. ಸೋರಿಕೆ ನಿಂತ ಮಾತ್ರಕ್ಕೆ ಸಂಬಳವೂ ಬಡ್ಡಿಯೂ ಕಡಿಮೆಯಾಗುವುದಿಲ್ಲ. ನಿಜವಾಗಿ ಉಳಿಯುವುದು ವಿದ್ಯುತ್ತು ಮತ್ತು ರಾಸಾಯನಿಕದ ಖರ್ಚು, ಅದು 12 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಉಳಿತಾಯ 3.5 ಕೋಟಿ, ಹಣ ವಾಪಸ್ಸು ಬರಲು ಇಪ್ಪತ್ತೈದೂಮುಕ್ಕಾಲು ವರ್ಷ. ಊರಿನಲ್ಲಿ ನೀರಿನ ಕೊರತೆಯಿದ್ದು, ಉಳಿದ ನೀರನ್ನೆಲ್ಲ 20 ರೂಪಾಯಿ ದರದಲ್ಲಿ ಮಾರಬಹುದಾದರೆ ಸುಮಾರು ಹದಿನೈದೂವರೆ ವರ್ಷ. ಒಂದೇ ಪೈಪು, ಒಂದೇ ನೀರು, ಮೂರು ಉತ್ತರ. ಯಾವುದು ಸರಿ ಎಂಬುದು ಊರಿಗೆ ನೀರು ಸಾಕೋ ಸಾಲದೋ ಎಂಬುದರ ಮೇಲೆ ನಿಂತಿದೆ, ಅದು ಕನ್ಸಲ್ಟೆಂಟರಿಗಿಂತ ಮ್ಯಾನೇಜರಿಗೇ ಚೆನ್ನಾಗಿ ಗೊತ್ತು.

ಇಷ್ಟಾದ ಮೇಲೆ ಟಿಪ್ಪಣಿ ಹೆಚ್ಚುಕಡಿಮೆ ಹೀಗೆ ಬರುತ್ತದೆ:

“ತೀರ್ಮಾನವಾಗಬೇಕಾದದ್ದು: 90 ಕೋಟಿ ರೂ. ವೆಚ್ಚದ ಪೈಪು ಬದಲಾವಣೆಗೆ ಈ ತಿಂಗಳೇ ತಾತ್ವಿಕ ಒಪ್ಪಿಗೆ ಕೊಡಬೇಕೇ. ಸಲಹೆ: ಈಗ ಬೇಡ. ಮೊದಲು ಘಟಕದ ಹೊರಹರಿವಿಗೂ ಮುಖ್ಯ ಟ್ಯಾಂಕುಗಳಿಗೂ ಫ್ಲೋ ಮೀಟರು ಅಳವಡಿಸಿ ಮೂರು ತಿಂಗಳು ಅಳೆದು, ನಂತರ ನಿರ್ಧರಿಸುವುದು. ಅಂದಾಜು ವೆಚ್ಚ 40 ಲಕ್ಷ ರೂ.

ವರದಿ ಹೇಳುವುದು: ಶೇ 40 ನೀರು ಲೆಕ್ಕಕ್ಕೆ ಸಿಗುತ್ತಿಲ್ಲ (ಪುಟ 58). ಪೈಪು ಬದಲಿಸಿದರೆ ದಿನಕ್ಕೆ 80 ಲಕ್ಷ ಲೀ. ಉಳಿತಾಯ, 7.7 ವರ್ಷದಲ್ಲಿ ಹಣ ವಾಪಸ್ಸು (ಪುಟ 112).

ಇದು ನಿಂತಿರುವುದು ಎರಡು ಊಹೆಗಳ ಮೇಲೆ. ಒಂದು, ಪಂಪುಗಳು ಪೂರ್ಣ ಸಾಮರ್ಥ್ಯದಲ್ಲಿ ಎತ್ತುತ್ತಿವೆ (ಪುಟ 131). ಅಳತೆ ಮಾಡಿಲ್ಲ. ಶೇ 15 ಕಡಿಮೆಯಿದ್ದರೆ ಸೋರಿಕೆ ಅರ್ಧಕ್ಕಿಳಿಯುತ್ತದೆ. ಎರಡು, ಉಳಿದ ನೀರಿನ ಬೆಲೆ ಕಿ.ಲೀ.ಗೆ 40 ರೂ. (ಪುಟ 147). ವಿದ್ಯುತ್ತು, ರಾಸಾಯನಿಕ ಮಾತ್ರ ಹಿಡಿದರೆ ಸುಮಾರು 26 ವರ್ಷ, ಮಾರಾಟ ದರ ಹಿಡಿದರೆ ಸುಮಾರು 15 ವರ್ಷ. ಈ ಎರಡು ಲೆಕ್ಕ ನಮ್ಮದು, ವರದಿಯದಲ್ಲ.

ತಡವಾದರೆ: ಅನುದಾನದ ಅರ್ಜಿ ಮುಂದಿನ ಸುತ್ತಿಗೆ ಹೋಗುತ್ತದೆ. ಮಾರುಕಟ್ಟೆ ಬೀದಿಯ ಪೈಪು ಪದೇ ಪದೇ ಒಡೆಯುತ್ತಿದ್ದು ಅದನ್ನು ಕಾಯದೆ ಬದಲಿಸಬಹುದು. ಭಿನ್ನಾಭಿಪ್ರಾಯ: ನಿರ್ವಹಣಾ ವಿಭಾಗದವರು ಪೂರ್ತಿ ಬದಲಾವಣೆ ತಕ್ಷಣ ಬೇಕೆನ್ನುತ್ತಾರೆ.”

ಇದರಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಊರಿನ ಹಿನ್ನೆಲೆಯಿಲ್ಲ, ಅಧ್ಯಯನದ ವಿಧಾನವಿಲ್ಲ, ಎರಡನೆಯ ಮೂರನೆಯ ಪರ್ಯಾಯದ ವಿವರವಿಲ್ಲ. ವರದಿಯ ಮುಕ್ಕಾಲು ಪಾಲಿನ ಸುಳಿವೇ ಇಲ್ಲ. ಆದರೂ ಅನುಬಂಧದ ಎರಡು ವಾಕ್ಯಗಳಿಗೆ ಪುಟದ ದೊಡ್ಡ ಭಾಗವೇ ಹೋಗಿದೆ. ವರದಿಯಲ್ಲಿ ಒಂದು ಸಂಗತಿಗೆ ಎಷ್ಟು ಪುಟ ಸಿಕ್ಕಿದೆಯೋ ಅದೇ ಪ್ರಮಾಣದಲ್ಲಿ ಟಿಪ್ಪಣಿಯಲ್ಲೂ ಜಾಗ ಕೊಟ್ಟರೆ ಈ ಎರಡು ವಾಕ್ಯಗಳು ಕಾಣುತ್ತಲೇ ಇರಲಿಲ್ಲ.

“ಈ ಲೆಕ್ಕ ನಮ್ಮದು, ವರದಿಯದಲ್ಲ” ಎಂಬ ಆ ಸಾಲಿನ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ. ಒಂದು ಪಕ್ಷದವರ ಪ್ರಕಾರ ಟಿಪ್ಪಣಿ ಬರೆಯುವವರಿಗೆ ತಮ್ಮ ಅಭಿಪ್ರಾಯದ ಹಕ್ಕಿಲ್ಲ. ವರದಿ ಹೇಳಿದ್ದನ್ನು ಹೇಳಿ ಸುಮ್ಮನಾಗಬೇಕು, ಇಲ್ಲವಾದರೆ ತಿಂಗಳುಗಟ್ಟಲೆ ದುಡಿದ ಪರಿಣತರ ಮಾತನ್ನು ಎರಡು ದಿನ ಓದಿದ ಗುಮಾಸ್ತರೊಬ್ಬರು ತಿರುಗಿಸಿದಂತಾಗುತ್ತದೆ. ಈ ಭಯಕ್ಕೆ ಆಧಾರವಿದೆ. ಚುರುಕಾದ ಕಿರಿಯ ಅಧಿಕಾರಿ ತನಗಾಗದ ಯೋಜನೆಯನ್ನು ಒಂದು ಪುಟದಲ್ಲಿ ಮುಗಿಸಿಹಾಕುವುದು ಕಷ್ಟವೇನಲ್ಲ. ಇನ್ನೊಂದು ಪಕ್ಷದವರು, ಪ್ರಶ್ನೆ ಎತ್ತದ ಟಿಪ್ಪಣಿ ಬರೇ ನಕಲು ಎನ್ನುತ್ತಾರೆ. ನನ್ನ ಒಲವು ಎರಡನೆಯವರ ಕಡೆಗೆ, ಒಂದು ಕಟ್ಟುಪಾಡಿನೊಂದಿಗೆ. ಯಾವ ಮಾತು ವರದಿಯದು, ಯಾವುದು ಬರೆದವರದು ಎಂಬುದು ಓದುವವರಿಗೆ ಕಣ್ಣು ಹಾಯಿಸಿದೊಡನೆ ಗೊತ್ತಾಗಬೇಕು. ಜೊತೆಗೆ, ಮೇಜಿಗೆ ಹೋಗುವ ಮೊದಲು ಟಿಪ್ಪಣಿಯನ್ನು ಕನ್ಸಲ್ಟೆಂಟರಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು. ತೀರ್ಪು ಅವರು ಒಪ್ಪಬೇಕಾಗಿಲ್ಲ, ಆದರೆ ತಮ್ಮ ಅಂಕಿಯನ್ನು ತಪ್ಪಾಗಿ ಎತ್ತಿಕೊಂಡಿದ್ದರೆ ತಕ್ಷಣ ಹೇಳುತ್ತಾರೆ. ಎಷ್ಟೋ ಸಲ “ಆ ಮೀಟರಿನ ವಿಷಯ ನಾವೂ ಹೇಳಿದ್ದೆವು, ಯಾರೂ ಕೇಳಲಿಲ್ಲ” ಎಂಬ ಮಾತೂ ಬರುತ್ತದೆ.

ಓದುವ ಮ್ಯಾನೇಜರರಿಗೆ ಕೆಟ್ಟ ಟಿಪ್ಪಣಿಯನ್ನು ಗುರುತು ಹಿಡಿಯಲು ವರದಿ ಓದಬೇಕಾಗಿಲ್ಲ. ಅಂಕಿಯ ಪಕ್ಕ ಪುಟಸಂಖ್ಯೆ ಇಲ್ಲದಿದ್ದರೆ ಅದು ಎಕ್ಸಿಕ್ಯುಟಿವ್ ಸಮ್ಮರಿಯಿಂದ ಎತ್ತಿದ್ದೆಂದು ತಿಳಿಯಬಹುದು. ‘ಗಣನೀಯ’, ‘ಸೂಕ್ತ ಕ್ರಮ’, ‘ಸಮಗ್ರವಾಗಿ’ ಎಂಬ ಮಾತುಗಳು ಸಾಲುಗಟ್ಟಿದ್ದರೆ ಬರೆದವರಿಗೆ ಅಂಕಿ ಸಿಕ್ಕಿಲ್ಲ, ಇಲ್ಲವೇ ಸಿಕ್ಕಿದ್ದನ್ನು ಹೇಳಲು ಧೈರ್ಯವಿಲ್ಲ. ಒಂದೇ ಒಂದು ಭಿನ್ನ ಅಭಿಪ್ರಾಯವೂ ಇಲ್ಲದಿದ್ದರೆ ಬರೆದವರು ತಮ್ಮ ಕುರ್ಚಿ ಬಿಟ್ಟು ಎದ್ದಿಲ್ಲ. ಅಕ್ಷರ ಚಿಕ್ಕದು ಮಾಡಿ, ಅಂಚು ಕಿರಿದು ಮಾಡಿ ಎರಡು ಪುಟದ ಸರಕನ್ನು ಒಂದರಲ್ಲಿ ತುರುಕುವ ಜಾಣ್ಮೆಯನ್ನಂತೂ ಎಲ್ಲ ಕಚೇರಿಯಲ್ಲೂ ಕಾಣಬಹುದು. ಅಂಥ ಹಾಳೆಯನ್ನು ಕೇಳದೆ ವಾಪಸ್ಸು ಕಳಿಸುವುದೇ ಮೇಲು.

ಒಂದು ಪುಟ ಒಗ್ಗದ ಕಡೆಗಳೂ ಇವೆ. ಟೆಂಡರಿನ ಷರತ್ತು, ಕಾನೂನಿನ ಅಭಿಪ್ರಾಯ, ಜನರ ಜೀವಕ್ಕೆ ಸಂಬಂಧಿಸಿದ ಎಂಜಿನಿಯರಿಂಗ್ ತೀರ್ಮಾನ, ಇವುಗಳಲ್ಲಿ ಸಹಿ ಹಾಕುವವರು ಮೂಲವನ್ನೇ ಓದಬೇಕು. ಅಲ್ಲಿ ಟಿಪ್ಪಣಿ ಯಾವ ಯಾವ ಪುಟ ಓದಬೇಕೆಂದು ತೋರಿಸಿಕೊಡಬಹುದು, ಓದಿನ ಬದಲಿಗೆ ನಿಲ್ಲಲಾರದು. ಇನ್ನೊಂದು ತೊಡಕು ಪ್ರಶ್ನೆಯೇ ಇಲ್ಲದ ವರದಿಯದು. ‘ನಗರದ ಮುನ್ನೋಟ’ ಎಂಬಂಥ ವರದಿಗೆ ಒಂದು ಪುಟದ ಟಿಪ್ಪಣಿ ಬರೆಯಹೊರಟರೆ ಸಭೆಯಲ್ಲಿ ತೀರ್ಮಾನವಾಗಬೇಕಾದದ್ದು ಏನೆಂಬುದೇ ಗೊತ್ತಾಗುವುದಿಲ್ಲ. ಆಗ ಬರೆಯುವ ಮೊದಲು ಮ್ಯಾನೇಜರನ್ನೇ ಹೋಗಿ ಕೇಳಬೇಕು. ಅವರಿಗೂ ಗೊತ್ತಿಲ್ಲದಿದ್ದರೆ ಸೋಮವಾರದ ಸಭೆಯನ್ನೇ ಮುಂದೂಡಬಹುದು.

ಟಿಪ್ಪಣಿಗೆ ಸಭೆಯ ಆಚೆಗೂ ಆಯುಷ್ಯವಿದೆ. ಸರ್ಕಾರಿ ಕಚೇರಿಯಾದರೆ ಕಡತದಲ್ಲಿ ಬರೆದ ಟಿಪ್ಪಣಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು, ಲೆಕ್ಕಪರಿಶೋಧಕರು ಎಷ್ಟೋ ವರ್ಷದ ನಂತರ ಅದನ್ನೇ ಮೊದಲು ತೆರೆಯುತ್ತಾರೆ. ಆ ಹೊತ್ತಿಗೆ ವರದಿಯ ಐದು ಪ್ರತಿಗಳಲ್ಲಿ ನಾಲ್ಕು ಎಲ್ಲಿವೆಯೋ ಯಾರಿಗೂ ತಿಳಿಯದು, ಮ್ಯಾನೇಜರರಿಗೆ ವರ್ಗವಾಗಿರುತ್ತದೆ. ಆದ್ದರಿಂದ ಹಾಳೆಯ ಮೇಲೆ ದಿನಾಂಕ, ಬರೆದವರ ಹೆಸರು, ಯಾವ ಆವೃತ್ತಿಯ ವರದಿಯನ್ನು ಓದಿ ಬರೆದದ್ದು ಎಂಬುದು ಇರಲೇಬೇಕು. ಕರಡು ವರದಿಯ ಮೇಲೆ ಟಿಪ್ಪಣಿ ಬರೆದು, ಅಂತಿಮ ವರದಿಯಲ್ಲಿ ಅಂಕಿ ಬದಲಾಗಿ, ಹಳೆಯ ಅಂಕಿಯ ಮೇಲೆಯೇ ಮಂಜೂರಾತಿ ಆಗಿಹೋಗುವುದುಂಟು. ಅಂತಿಮ ಪ್ರತಿ ಬಂದ ದಿನವೇ ಟಿಪ್ಪಣಿಯಲ್ಲಿ ಬಳಸಿದ ನಾಲ್ಕೈದು ಅಂಕಿಗಳನ್ನು ಪುಟ ತೆಗೆದು ಮತ್ತೊಮ್ಮೆ ತಾಳೆ ನೋಡಿದರೆ ಇದನ್ನು ತಪ್ಪಿಸಬಹುದು. ಪುಟಸಂಖ್ಯೆ ಬರೆದಿಟ್ಟಿದ್ದರೆ ಅರ್ಧ ಗಂಟೆಯ ಕೆಲಸ.